ಹಳದಿ ಗೆರೆಯ ಕೆಳಗಿನ ಹೆಸರು

ಅಕ್ಕ ಗೋದಾಮು ಬಿಟ್ಟು ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇರೆಯವರ ಹೆಸರು ಮುಚ್ಚದೆ ಅವರು ನನಗೆ ಯಾವತ್ತೂ ಏನನ್ನೂ ಕಳಿಸಲಿಲ್ಲ. ಆ ಮರ್ಯಾದೆಯನ್ನು ನಾನೂ ಉಳಿಸಿಕೊಳ್ಳಬೇಕು.

ತಿಪಟೂರಿನ ನಮ್ಮ ಕೊಬ್ಬರಿ ಗೋದಾಮಿನಲ್ಲಿ ನಾನು ಬಂದ ಚೀಲ, ಹೋದ ಚೀಲಗಳನ್ನು ಕಂಪ್ಯೂಟರಿಗೆ ಹಾಕುವವಳು. ಅಕ್ಕ ಕೊಬ್ಬರಿ ನೋಡಿ ಆರಿಸುವವರು. ಹಾಲ್ಕುರಿಕೆಯಿಂದ ಎಂಟೂ ಇಪ್ಪತ್ತರ ಬಸ್ಸಿಗೆ ಬರುತ್ತಿದ್ದರು. ವಯಸ್ಸು ಮೂವತ್ತಾರು. ಮದುವೆಯಾಗಿರಲಿಲ್ಲ. ಕೂರುವುದಕ್ಕೆ ಒಂದು ಮಣೆ, ತಲೆಗೆ ಒಂದು ಹಳೆಯ ಟವೆಲು. ಎಡಗಿವಿಯಲ್ಲಿ ಮಾತ್ರ ಓಲೆ ಇರುತ್ತಿರಲಿಲ್ಲ. ಕೆಲಸ ಶುರುಮಾಡುವ ಮುಂಚೆ ಅದನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ಆ ಕಿವಿ ಕಾಯಿಗೆ ಮೀಸಲು.

ನಮ್ಮ ಕಡೆ ಕೊಬ್ಬರಿ ಬಿಸಿಲಲ್ಲಿ ಒಣಗುವುದಿಲ್ಲ. ಸಿಪ್ಪೆ ಸಮೇತ ಕಾಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಅದು ಆಗಿದೆಯೋ ಇಲ್ಲವೋ ಒಡೆಯದೆ ತಿಳಿಯಬೇಕಾದರೆ ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಬೇಕು. ಯಜಮಾನರ ಅಟ್ಟದ ಕಾಯನ್ನು ಇಳಿಸುವ ದಿನ ಅಕ್ಕನೇ ಹತ್ತುತ್ತಿದ್ದರು. ಒಂದೇ ಸಲ ಅಲ್ಲಾಡಿಸುವುದು. ನಾನು ಎಣಿಸಿದ್ದೇನೆ, ಎರಡನೇ ಸಲ ಅಲ್ಲಾಡಿಸಿದ್ದನ್ನು ನೋಡಿಲ್ಲ.

ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಬೆಳೆಗಾರರು ಒಮ್ಮೆ ತಮ್ಮ ಕಾಯಿ ಪೂರ್ತಿ ಒಣಗಿದೆ ಎಂದು ಹಟ ಹಿಡಿದರು. ಅಕ್ಕ ಒಂದನ್ನು ಕಿವಿಗೆ ಹಿಡಿದು ಕೆಳಗಿಟ್ಟರು.

"ಇದ್ನ ಒಡುದ್ರೆ ನಾವಿಬ್ರೂ ಒಂದೊಂದು ಲೋಟ ಕುಡಿಬೋದು ಕಣಣ್ಣ. ಇನ್ನೊಂದೆರಡು ತಿಂಗ್ಳು ಮಲಗ್ಲಿ ಬುಡಿ."

"ದಿನಾ ಇಳ್ಸಿ ನೋಡಿವ್ನಿ ಕಣಮ್ಮ, ಒಣಗೈತೆ."

"ದಿನಾ ಇಳ್ಸಿ ನೋಡುದ್ರೆ ಅದೆಂಗೆ ಒಣಗ್ತದೆ?"

ಈ ಮಾತನ್ನು ನಾನು ಅವತ್ತೇ ದಿನಚರಿಯಲ್ಲಿ ಬರೆದುಕೊಂಡೆ. ಅದು ನನಗೂ ಹೊಂದುವ ಮಾತು ಎನ್ನುವುದು ಆಗ ಹೊಳೆಯಲಿಲ್ಲ.

ಫೆಬ್ರವರಿ ಹನ್ನೊಂದನೇ ತಾರೀಖು, ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಫೋನನ್ನು ನನ್ನ ಡಬ್ಬಿಯ ಪಕ್ಕ ಇಟ್ಟರು. ತಂಗಿಯ ಮಗಳು ಡೇಟಿಂಗ್ ಆ್ಯಪ್ ಹಾಕಿಕೊಟ್ಟು ಬೆಂಗಳೂರಿಗೆ ವಾಪಸಾಗಿದ್ದಳು.

"ಇದ್ರಾಗೆ ಎಡಕ್ಕೆ ತಳ್ಳುದ್ರೇನು, ಬಲಕ್ಕೆ ತಳ್ಳುದ್ರೇನು, ಬಿಡ್ಸಿ ಹೇಳು. ನೀನು ಇದ್ರಾಗೆ ಇದ್ದೀಯಂತಲ್ಲ."

ಇದ್ದೆ. ಹದಿನಾಲ್ಕು ತಿಂಗಳಿಂದ ಇದ್ದೆ. ನನ್ನ ದಿನಚರಿಯ ಕೊನೆಯ ಪುಟಗಳಲ್ಲಿ ಅದರ ಪಟ್ಟಿ ಇದೆ: ಮ್ಯಾಚ್ ಆದ ತಾರೀಖು, ಮೊದಲು ಬರೆದವರು ಯಾರು, ಕೊನೆಗೆ ಬರೆದವರು ಯಾರು, ಎಷ್ಟು ದಿನ ನಡೆಯಿತು. ಒಟ್ಟು ಹನ್ನೊಂದು ಸಾಲು. ಅದರಲ್ಲಿ ಏಳರ ಮುಂದೆ "ಕೊನೆಗೆ ಬರೆದವಳು ನಾನು" ಎಂದಿದೆ. ಇಷ್ಟು ಅನುಭವ ನಮ್ಮ ಗೋದಾಮಿನಲ್ಲಿ ಇನ್ಯಾರಿಗೂ ಇರಲಿಲ್ಲವಾದ್ದರಿಂದ ನಾನು ಖುಷಿಯಿಂದಲೇ ಮೇಷ್ಟ್ರಾದೆ.

ಎಡಕ್ಕೆ ತಳ್ಳಿದರೆ ಬೇಡ, ಬಲಕ್ಕೆ ತಳ್ಳಿದರೆ ಇಷ್ಟ. ಇಬ್ಬರೂ ಬಲಕ್ಕೆ ತಳ್ಳಿದರೆ ಮಾತ್ರ ಮ್ಯಾಚ್, ಆಮೇಲೆ ಮಾತು. ನಮ್ಮ ಊರಿನ ಸುತ್ತ ನಲವತ್ತು ಕಿಲೋಮೀಟರು ಎಂದು ಹಾಕಿದರೆ ಬೆರಳೆಣಿಕೆಯ ಮುಖಗಳೇ ತಿರುಗಿ ತಿರುಗಿ ಬರುತ್ತವೆ. ಅವರು ಬೇಡವೆಂದು ಅನ್‌ಮ್ಯಾಚ್ ಮಾಡಿದರೆ ಆಡಿದ ಮಾತೆಲ್ಲ ನಮ್ಮ ಫೋನಿನಿಂದಲೂ ಅಳಿಸಿಹೋಗುತ್ತದೆ. ಪರಿಚಯ ಗಟ್ಟಿಯಾಗುವವರೆಗೆ ನಂಬರು ಕೊಡಬಾರದು. ಮೊದಲ ಭೇಟಿ ಜನ ಇರುವ ಜಾಗದಲ್ಲೇ ಆಗಬೇಕು. ಇದನ್ನೆಲ್ಲ ಅವರು ತಲೆ ಅಲ್ಲಾಡಿಸದೆ ಕೇಳಿದರು. ಕೊನೆಗೆ ಗೋಸ್ಟಿಂಗ್ ಎಂದರೆ ಏನೆಂದು ಹೇಳಿದೆ. ಚೆನ್ನಾಗಿಯೇ ಮಾತಾಡುತ್ತಿದ್ದವರು ಒಂದು ದಿನ ಜಗಳವಿಲ್ಲದೆ, ಕಾರಣ ಹೇಳದೆ, ಉತ್ತರ ಕೊಡುವುದನ್ನೇ ನಿಲ್ಲಿಸಿ ಮಾಯವಾಗುವುದು.

ಅಕ್ಕ ನಕ್ಕುಬಿಟ್ಟರು.

"ಓ, 'ಹೋಗಿ ತಿಳಿಸ್ತೀವಿ' ಅನ್ನೋರು! ಅದ್ಕೆ ಇಂಗ್ಲೀಷ್ ಹೆಸ್ರು ಬೇರೆ ಇಟ್ಟವ್ರಾ? ನಮ್ಮನೇಗೆ ಐದು ಗಂಡು ಬಂದ್ರು ಕಣೇ. ಐದೂ ಕಡೆಯೋರು ಉಪ್ಪಿಟ್ಟು ತಿಂದು, ಕಾಫಿ ಕುಡ್ದು, 'ಹೋಗಿ ತಿಳಿಸ್ತೀವಿ' ಅಂದು ಹೋದ್ರು. ಒಬ್ರೂ ತಿಳಿಸ್ಲಿಲ್ಲ. ನಮ್ಮವ್ವ ಆರಾರು ತಿಂಗ್ಳು ಬಾಗ್ಲು ನೋಡೋಳು. ಬ್ಯಾಡ ಅಂದಿದ್ರೆ ಆಯ್ತಿತ್ತು. ಅಷ್ಟೇ ಬೇಕಾಗಿದ್ದು."

ಅದಕ್ಕೇ ಅವರು ಆ್ಯಪಿನಲ್ಲಿ ಒಂದು ನಿಯಮ ಮಾಡಿಕೊಂಡರು. ಮಾತಾಡಿಸಿದವರು ಎಂಥವರೇ ಆಗಲಿ, ಬೇಡವೆಂದರೆ ಬೇಡವೆಂದು ಬರೆದೇ ಮುಗಿಸುವುದು. "ನಿಮಗೆ ಒಳ್ಳೇದಾಗಲಿ, ನನಗೆ ಹೊಂದುವುದಿಲ್ಲ." ಹೀಗೆ ನಾಲ್ಕು ಜನಕ್ಕೆ ಬರೆದರು. ಒಬ್ಬ ಬೈದ. ಅವನಿಗೂ "ಆಯ್ತು" ಎಂದು ಬರೆದರು.

ತಮಗೆ ತಿಳಿಯದ ಮಾತುಗಳನ್ನು ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸುತ್ತಿದ್ದರು. ಕಳಿಸುವ ಮುಂಚೆ ಎದುರಿನವರ ಫೋಟೋ ಕತ್ತರಿಸಿ, ಹೆಸರಿನ ಮೇಲೆ ಬೆರಳಿನಲ್ಲಿ ಗೆರೆ ಎಳೆಯುತ್ತಿದ್ದರು. "ಅವ್ರ ಮಾತಿನರ್ಥ ಕೇಳ್ತಾ ಇವ್ನಿ. ಅವ್ರ ಮುಖ ನಿಂಗ್ಯಾಕೆ?" ಕೆಳಗೆ ಯಾವಾಗಲೂ ಒಂದೇ ಪ್ರಶ್ನೆ: "ಇದ್ರರ್ಥ ಏನು, ಬಿಡ್ಸಿ ಹೇಳು." ಅವರು ಗೋದಾಮು ಬಿಡುವವರೆಗೆ ಒಟ್ಟು ಅರವತ್ತಮೂರು ಸ್ಕ್ರೀನ್‌ಶಾಟ್ ಬಂದಿದ್ದವು.

ಮೊದಮೊದಲು ಬರೀ ಕೊನೆಯ ಉತ್ತರವನ್ನು ಕಳಿಸುತ್ತಿದ್ದರು. ಅದೊಂದರಿಂದ ಅರ್ಥ ಹೇಳಲಾಗದು ಎಂದು ಕಲಿಸಿದೆ. ಮೇಲಿನ ನಾಲ್ಕು ಮಾತು ಬೇಕು, ಪಕ್ಕದ ಗಂಟೆ ಬೇಕು, ನಡುವೆ ಬರುವ ತಾರೀಖಿನ ಪಟ್ಟಿಯೂ ಬೇಕು. "ಹ್ಮ್" ಎನ್ನುವ ಉತ್ತರ ಒಂದು ನಿಮಿಷಕ್ಕೆ ಬಂದರೆ ಒಂದು ಅರ್ಥ, ಎರಡು ದಿನಕ್ಕೆ ಬಂದರೆ ಇನ್ನೊಂದು. ಒಂದು ದಿನ ಪುಟಗಟ್ಟಲೆ ಬರೆದು, ಮುಂದಿನ ನಾಲ್ಕು ದಿನ ಒಂದೇ ಪದ ಬರೆಯುವವರಿದ್ದಾರೆ. "ಖಂಡಿತ ಸಿಗೋಣ" ಎಂದು ತಾವೇ ಹೇಳಿ, ದಿನ ಗೊತ್ತುಮಾಡಲು ಹೋದರೆ "ಈ ವಾರ ಕಷ್ಟ" ಎಂದು ಬೇರೆ ದಿನ ಹೇಳದವರಿದ್ದಾರೆ. ನಮ್ಮ ಮಾತಿಗೆ ಉತ್ತರ ಕೊಡದೆ ನಮ್ಮ ಸ್ಟೇಟಸ್ಸಿಗೆ ಮಾತ್ರ ಹೃದಯ ಒತ್ತುವವರೂ ಇದ್ದಾರೆ. ಇವೆಲ್ಲ ಗೊಂದಲದ ಸೂಚನೆಗಳು, ಮಿಕ್ಸ್ಡ್ ಸಿಗ್ನಲ್ಸ್. ಮಾತನ್ನು ನೋಡಬಾರದು, ನಡೆಯನ್ನು ನೋಡಬೇಕು ಎಂದೆ. ಬೇಕಾದವರು ದಿನ ಹೇಳುತ್ತಾರೆ.

"ಇಷ್ಟೆಲ್ಲ ತಿಳ್ಕಂಡಿದ್ದೀಯ," ಎಂದರು ಅಕ್ಕ. "ಮತ್ತೆ ನಿಂಗ್ಯಾಕೆ ಇನ್ನೂ ಯಾರೂ ಸಿಗ್ಲಿಲ್ಲ?"

ಕುಹಕವಿಲ್ಲದ ಪ್ರಶ್ನೆ ಅದು. ಆದ್ದರಿಂದಲೇ ಹೆಚ್ಚು ನಾಟಿತು.

ನನ್ನ ಪಟ್ಟಿಯ ಒಂಬತ್ತನೆಯ ಸಾಲಿನ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರು ಮಾಯಸಂದ್ರದವರು, ತೋಟಗಳಿಗೆ ಹನಿ ನೀರಾವರಿ ಪೈಪು ಹಾಕಿಸುವ ಕೆಲಸ. ಜನವರಿಯಲ್ಲಿ ಇಪ್ಪತ್ತೆರಡು ದಿನ ಮಾತಾಡಿದೆವು. ನಂಬರು ಕೊಟ್ಟುಕೊಂಡು ವಾಟ್ಸಾಪಿಗೆ ಬಂದೆವು. ನಾನು ಬರೆದದ್ದು ಇನ್ನೂರ ಹದಿನಾಲ್ಕು ಮೆಸೇಜು, ಅವರದು ತೊಂಬತ್ತೆಂಟು, ಅದರಲ್ಲಿ "ಹ್ಮ್" ಮೂವತ್ತೊಂದು. ಇಪ್ಪತ್ತೊಂಬತ್ತನೇ ತಾರೀಖು ನಾನು ಕೇಳಿದ ಪ್ರಶ್ನೆಗೆ ಎರಡು ನೀಲಿ ಟಿಕ್ಕು ಬಿದ್ದವು. ಓದಿದ್ದಾರೆ. ಉತ್ತರ ಬರಲಿಲ್ಲ. ಮೂರು ವಾರದ ನಂತರ ನನ್ನ ಸ್ಟೇಟಸ್ಸಿನ ಕರುವಿನ ಫೋಟೋಗೆ ಒಂದು ಹೃದಯ ಬಂತು, ಅಷ್ಟೆ. ಆ ಹೃದಯವನ್ನು ಹಿಡಿದುಕೊಂಡು ನಾನು ಬೇಸಿಗೆಯನ್ನೆಲ್ಲ ಕಳೆದೆ. ಬೇರೆಯವರಿಗೆ ಬಿಡಿಸಿ ಹೇಳುವ ಪಾಠ ನನಗೇ ಹತ್ತಲಿಲ್ಲ.

ಅಕ್ಕನಿಗೆ ಏಪ್ರಿಲ್‌ನಿಂದ ಒಬ್ಬರ ಹತ್ತಿರವೇ ಮಾತು ನಡೆಯುತ್ತಿತ್ತು, ಆಮೇಲೆ ನಂಬರು ಕೊಟ್ಟುಕೊಂಡು ವಾಟ್ಸಾಪಿನಲ್ಲಿ. ಸ್ಕ್ರೀನ್‌ಶಾಟುಗಳು ಚೆನ್ನಾಗಿದ್ದವು. ನಿಜ ಹೇಳಬೇಕೆಂದರೆ ಅವು ಬಂದ ರಾತ್ರಿ ನನ್ನ ಹಳೆಯ ಮಾತುಗಳನ್ನು ತೆಗೆದು ಹೋಲಿಸಿ ನೋಡುತ್ತಿದ್ದೆ. ಅಕ್ಕ ದಿನಕ್ಕೆ ಮೂರೋ ನಾಲ್ಕೋ ಮಾತು ಬರೆಯುತ್ತಿದ್ದರು, ಸಂಜೆ ಬಸ್ಸಿನಲ್ಲಿ, ಕನ್ನಡದಲ್ಲಿ, ಕೊನೆಗೆ ಚುಕ್ಕಿ ಇಟ್ಟು. ಎದುರಿನವರು ಕೇಳುತ್ತಿದ್ದರು: "ಇವತ್ತು ಎಷ್ಟು ಕಾಯಿ ಕಿವಿಗಿಟ್ರಿ? ಎಡಗಿವಿ ನೋಯಲ್ವಾ?" ನನ್ನ ಕಿವಿಯ ಬಗ್ಗೆ ಇಷ್ಟು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ಆದರೂ ಅಲ್ಲಿಯವರೆಗೆ ಅರ್ಥವನ್ನು ಪ್ರಾಮಾಣಿಕವಾಗಿಯೇ ಹೇಳಿದೆ. "ಇವರಿಗೆ ನಿಜವಾಗಿ ಆಸಕ್ತಿ ಇದೆ ಅಕ್ಕ. ನಿಮ್ಮ ಹಿಂದಿನ ಮಾತು ನೆನಪಿಟ್ಟುಕೊಂಡು ಕೇಳಿದ್ದಾರೆ, ನೋಡಿ."

ಜೂನ್ ಹದಿನಾಲ್ಕು. ನಲವತ್ತೆಂಟನೇ ಸ್ಕ್ರೀನ್‌ಶಾಟ್. ಅಕ್ಕ ಆ ದಿನ ಹೆಸರನ್ನು ಮುಚ್ಚಲು ಕಪ್ಪು ಪೆನ್ನಿನ ಬದಲು ಪಕ್ಕದಲ್ಲಿದ್ದ ಹಳದಿಯನ್ನು ಒತ್ತಿದ್ದರು. ಅದು ಪುಸ್ತಕದಲ್ಲಿ ಸಾಲಿಗೆ ಬಣ್ಣ ಬಳಿಯುವಂಥ ಗೆರೆ, ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಹಳದಿಯ ಕೆಳಗೆ ಒಂಬತ್ತನೆಯ ಸಾಲಿನ ಹೆಸರು ಸ್ಪಷ್ಟವಾಗಿ ಓದಬಹುದಾಗಿತ್ತು. ಪಕ್ಕದಲ್ಲಿ ಕತ್ತರಿಸದೆ ಉಳಿದಿದ್ದ ಫೋಟೋದ ಅಂಚಿನಲ್ಲಿ ಅದೇ ಪೈಪಿನ ಸುರುಳಿ.

ಅವರು ನನಗೆ ಉತ್ತರ ಕೊಡುವುದನ್ನು ನಿಲ್ಲಿಸಿ ಅವತ್ತಿಗೆ ನೂರ ಮೂವತ್ತಾರು ದಿನ. ನಾನು ಅಕ್ಕ ಕಳಿಸಿದ್ದ ಹಳೆಯದನ್ನೆಲ್ಲ ತೆಗೆದು ಕೂತು, ಅವರು ಅಕ್ಕನಿಗೆ ಬರೆದದ್ದರಲ್ಲಿ "ಹ್ಮ್" ಎಷ್ಟಿದೆ ಎಂದು ಎಣಿಸಿದೆ. ಒಂದೂ ಇರಲಿಲ್ಲ.

ಅವರು ಎಲ್ಲರಿಗೂ ಹಾಗೇ ಮಾಡುವವರು ಎಂದುಕೊಂಡು ನಾನು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಅವರು ಹಾಗೆ ಮಾಡಿದ್ದು ನನಗೆ ಮಾತ್ರ. ಅವತ್ತು ಅಕ್ಕನ ಪ್ರಶ್ನೆಗೆ ಚಿಕ್ಕದಾಗಿ ಬರೆದೆ: "ಪರವಾಗಿಲ್ಲ. ಚೆನ್ನಾಗಿದೆ." ಮರುದಿನದಿಂದ ಅಕ್ಕನ ಓಲೆ, ಟವೆಲು, ಅಟ್ಟದ ಏಣಿ ಹತ್ತುವಾಗ ಸೆರಗು ಸಿಕ್ಕಿಸುವ ರೀತಿ, ಎಲ್ಲವನ್ನೂ ನೋಡತೊಡಗಿದೆ. ಇವರಲ್ಲಿ ಏನಿದೆ? ದಿನಚರಿಯಲ್ಲಿ ಇದೇ ಪ್ರಶ್ನೆ ಆ ತಿಂಗಳು ಒಂಬತ್ತು ಸಲ ಬರೆದಿದ್ದೇನೆ.

ಜುಲೈ ಹದಿನೇಳರ ಗುರುವಾರ ಅಕ್ಕ ಟೀ ಹೊತ್ತಿಗೆ ಬಂದು ನನ್ನ ಮೇಜಿನ ಪಕ್ಕ ನಿಂತರು. ಮುಖ ಇಳಿದಿತ್ತು. ಬರುವ ಭಾನುವಾರ ತುರುವೇಕೆರೆ ಬಸ್ ಸ್ಟ್ಯಾಂಡಿನ ಒಂದು ಹೋಟೆಲಿನಲ್ಲಿ ಮೊದಲ ಸಲ ಸಿಗುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ. ಸೋಮವಾರದಿಂದ ಅವರ ಕಡೆಯಿಂದ ಮಾತಿಲ್ಲ. ನನಗೆ ಸ್ಕ್ರೀನ್‌ಶಾಟ್ ಆಗಲೇ ಬಂದಿತ್ತು.

"ಇದ್ರರ್ಥ ಏನು, ಬಿಡ್ಸಿ ಹೇಳು."

ನೋಡಿದ ತಕ್ಷಣ ನನಗೆ ಅರ್ಥ ತಿಳಿಯಿತು. ಅಕ್ಕನ ಮೂರು ಮಾತಿಗೂ ಒಂದೊಂದೇ ಬೂದು ಟಿಕ್ಕು. ಒಂದು ಟಿಕ್ಕೆಂದರೆ ಮಾತು ನಮ್ಮಿಂದ ಹೊರಟಿದೆ, ಅವರ ಫೋನಿಗೆ ತಲುಪಿಲ್ಲ. ಎರಡು ಬೂದು ಬಿದ್ದರೆ ತಲುಪಿದೆ, ಎರಡೂ ನೀಲಿಯಾದರೆ ಓದಿದ್ದಾರೆ. ಇದನ್ನು ಅಕ್ಕನಿಗೂ ಹಿಂದೊಮ್ಮೆ ಹೇಳಿಕೊಟ್ಟಿದ್ದೆ. ನಮ್ಮನ್ನು ಬ್ಲಾಕ್ ಮಾಡಿದರೂ ಒಂದೇ ಟಿಕ್ಕು ಬೀಳುತ್ತದೆ, ಆದರೆ ಆಗ ಅವರು ಕೊನೆಯ ಬಾರಿ ಬಂದುಹೋದ ಸಮಯ ನಮಗೆ ಕಾಣುವುದಿಲ್ಲ. ಇಲ್ಲಿ ಮೇಲ್ಗಡೆ ಅದು ಕಾಣುತ್ತಿತ್ತು: ಹೋದ ಭಾನುವಾರ ಸಂಜೆ. ಅಂದರೆ ಬ್ಲಾಕ್ ಇಲ್ಲ. ಭಾನುವಾರದಿಂದ ಅವರು ಯಾರ ಮಾತನ್ನೂ ನೋಡಿಲ್ಲ. ಫೋನೇ ಸತ್ತಿದೆ. ಗೋಸ್ಟಿಂಗ್ ಹೀಗಿರುವುದಿಲ್ಲ. ನನಗೆ ಗೊತ್ತು. ನನಗೆ ಬಿದ್ದಿದ್ದು ಎರಡು ನೀಲಿ.

"ಅಕ್ಕ, ಇದು ಗೋಸ್ಟಿಂಗ್," ಎಂದೆ. "ಸಿಗೋ ದಿನ ಹತ್ತಿರ ಬಂತಲ್ಲ, ಜಾರಿಕೊಂಡ್ರು. ಇನ್ನೊಂದು ಮೆಸೇಜು ಹಾಕ್ಬೇಡಿ, ಹಗುರ ಆಗ್ತೀರ. ಬಿಟ್ಟುಬಿಡಿ."

ಅವರು ಟೀ ಲೋಟವನ್ನು ನನ್ನ ರಿಜಿಸ್ಟರಿನ ಮೇಲೇ ಇಟ್ಟರು.

"ಆರನೇದು," ಎಂದರು. ಮಣೆಗೆ ವಾಪಸ್ ಹೋದರು.

ಆ ಮಧ್ಯಾಹ್ನ ಅವರು ಆರಿಸಿ ಬಿಸಾಕಿದ ರಾಶಿಯಲ್ಲಿ ಬಿರುಕಿಲ್ಲದ, ಬೂಷ್ಟಿಲ್ಲದ ಒಳ್ಳೆಯ ಉಂಡೆ ಕೊಬ್ಬರಿ ಹದಿನಾಲ್ಕು ಸಿಕ್ಕಿದವು. ಎರಡು ವರ್ಷ ನಾಲ್ಕು ತಿಂಗಳಲ್ಲಿ ಅವರು ಹಾಗೆ ತಪ್ಪಿದ್ದು ಅದೇ ಮೊದಲು. ನಾನೇ ಎತ್ತಿ ಸರಿಯಾದ ಚೀಲಕ್ಕೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಅದನ್ನೇ ದೊಡ್ಡ ಉಪಕಾರವೆಂದು ಭಾವಿಸಿ ಮನೆಗೆ ಹೋದೆ.

ಶನಿವಾರ ಬೆಳಿಗ್ಗೆ ಅವರು ಓಲೆ ಬಿಚ್ಚುತ್ತಾ ಹೇಳಿದರು: "ಅಟ್ಟದ ಮ್ಯಾಲಿರೋ ಕಾಯೂ ಸದ್ದು ಮಾಡಕಿಲ್ಲ, ಕೆಟ್ಟೋದ ಕಾಯೂ ಸದ್ದು ಮಾಡಕಿಲ್ಲ. ದೂರದಿಂದ ನೋಡುದ್ರೆ ಎರಡೂ ಒಂದೇ ಕಣೇ. ಒಂದ್ಸಲ ಅಲ್ಲಾಡ್ಸಿ ನೋಡ್ಬುಡ್ತೀನಿ."

"ಬೇಡ ಅಕ್ಕ. ಉತ್ತರ ಬರದೆ ಮೇಲೆ ಮೇಲೆ ಬರೆದ್ರೆ ಏನಂದ್ಕೊಳ್ತಾರೆ?"

"ಅಂದ್ಕಳ್ಳಿ ಬುಡು. ನಮ್ಮವ್ವ ಒಂದ್ಸಲ ಕೇಳಿದ್ರೆ ಆರು ತಿಂಗ್ಳು ಬಾಗ್ಲು ನೋಡೋದು ತಪ್ತಿತ್ತು."

ನನ್ನ ಎದುರಿಗೇ ಬರೆದರು: "ಬೇಡ ಎನ್ನುವುದಾದರೆ ಬೇಡ ಎಂದು ಬರೆಯಿರಿ, ನನಗೆ ಬೇಸರವಿಲ್ಲ. ಬೇಕು ಎನ್ನುವುದಾದರೆ ದಿನ ಹೇಳಿ. ಇದರ ಮೇಲೆ ನಾನು ಕೇಳುವುದಿಲ್ಲ." ಅದಕ್ಕೂ ಒಂದೇ ಟಿಕ್ಕು ಬಿತ್ತು. ಫೋನನ್ನು ಬ್ಯಾಗಿಗೆ ಹಾಕಿ ಮಣೆಯ ಮೇಲೆ ಕೂತರು. ಆ ಭಾನುವಾರ ಹಾಗೇ ಕಳೆಯಿತು. ತುರುವೇಕೆರೆಗೆ ಯಾರೂ ಹೋಗಲಿಲ್ಲ.

ಮಂಗಳವಾರ ಹನ್ನೊಂದೂ ನಲವತ್ತಕ್ಕೆ ಅಕ್ಕನ ಫೋನು ಬ್ಯಾಗಿನೊಳಗೇ ಗುಂಯ್‌ಗುಟ್ಟಿತು. ನಾಲ್ಕು ಮಾತಿಗೂ ಎರಡೆರಡು ಟಿಕ್ಕು ಬಿದ್ದು, ನಾವು ನೋಡುತ್ತಿದ್ದಂತೆ ನೀಲಿಯಾದವು. ನಂತರ ಧ್ವನಿ ಸಂದೇಶ ಬಂತು, ಎರಡು ನಿಮಿಷ ನಲವತ್ತು ಸೆಕೆಂಡು. ಅಕ್ಕನಿಗೆ ಮೆಲ್ಲಗೆ ಕೇಳುವುದು ಹೇಗೆಂದು ಗೊತ್ತಿರಲಿಲ್ಲ. ಗೋದಾಮಿಗೆಲ್ಲ ಕೇಳುವಂತೆ ಹಾಕಿದರು.

"ಫೋನು ನೀರಿನ ತೊಟ್ಟಿಗೆ ಬಿತ್ತು ಕಣ್ರೀ, ಪೈಪು ಜೋಡಿಸುವಾಗ. ರಿಪೇರಿಯೋನು ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂದು ಇಷ್ಟು ದಿನ ಆಡ್ಸಿದ. ನಿಮ್ ನಂಬ್ರು ಬಾಯಿಗೆ ಬರಲ್ಲ, ಎಲ್ಲ ಅದ್ರಾಗೇ ಇತ್ತು. ಭಾನುವಾರ ಮನಸ್ಸು ತಡೀದೆ ತುರುವೇಕೆರೆ ಬಸ್ ಸ್ಟ್ಯಾಂಡಿಗೆ ಹೋಗಿ ಮೂರು ಗಂಟೆ ಕೂತಿದ್ದು ಬಂದೆ..."

ಯಾರೂ ಹೋಗಲಿಲ್ಲ ಎಂದು ದಿನಚರಿಯಲ್ಲಿ ಬರೆದಿದ್ದೆ. ಅವರು ಹೋಗಿದ್ದರು. ಹೋಗದೆ ಉಳಿದದ್ದು ಅಕ್ಕ, ಹಾಗೆ ಮಾಡಿದ್ದು ನಾನು.

ಹಮಾಲರು ಶಿಳ್ಳೆ ಹೊಡೆದರು. ಅಕ್ಕನ ಮುಖ ಕೆಂಪಾಯಿತು. ಎಲ್ಲ ಚದುರಿದ ಮೇಲೆ ಅವರು ನನ್ನತ್ತ ತಿರುಗಿದರು.

"ಒಂದು ಟಿಕ್ಕು ಅಂದ್ರೆ ತಲುಪಿಲ್ಲ ಅಂತ ಅಲ್ವೇನೇ ನೀನು ಮೊದ್ಲು ಹೇಳ್ಕೊಟ್ಟಿದ್ದು?"

"ಕೆಲವು ಸಲ ಹಾಗೂ ಆಗುತ್ತೆ ಅಕ್ಕ."

ಒಂದು ಕಾಯಿ ಅಲ್ಲಾಡಿಸುವಷ್ಟು ಹೊತ್ತು ನನ್ನನ್ನು ನೋಡಿದರು. ಆಮೇಲೆ ಮಣೆಗೆ ಹೋದರು.

ಮುಂದಿನದು ಬೇಗ ನಡೆಯಿತು. ಇಬ್ಬರೂ ಸಿಕ್ಕರು, ಎರಡೂ ಮನೆಯವರು ಸಿಕ್ಕರು. ಉಪ್ಪಿಟ್ಟಿನ ತಟ್ಟೆ ಇಡುವ ಮುಂಚೆಯೇ ಅಕ್ಕನ ತಾಯಿ "ತಿಳಿಸೋದೇನಿದ್ರೂ ಈಗ್ಲೇ ತಿಳಿಸ್ಬುಡಿ" ಎಂದರಂತೆ. ಸೆಪ್ಟೆಂಬರ್ ಇಪ್ಪತ್ತೊಂದರಂದು ನನ್ನ ಫೋನಿಗೆ ಒಂದು ಮೆಸೇಜು ಬಂತು. ಒಂಬತ್ತನೆಯ ಸಾಲಿನಿಂದ. ಇನ್ನೂರ ಮೂವತ್ತೈದನೆಯ ದಿನ.

"ಜನವರಿಯಲ್ಲಿ ಹೇಳದೆ ಮಾತು ನಿಲ್ಲಿಸಿದೆ. ಮುಂದುವರಿಯುವ ಮನಸ್ಸಿರಲಿಲ್ಲ, ಹೇಳುವ ಧೈರ್ಯವೂ ಇರಲಿಲ್ಲ. ಆ ಹೃದಯ ಒತ್ತಿದ್ದೂ ತಪ್ಪು. ಕ್ಷಮಿಸಿ."

ತಿಪಟೂರಿನ ಗೋದಾಮಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹುಡುಗಿಯ ಬಗ್ಗೆ ಅವರು ತಾವಾಗಿಯೇ ಅಕ್ಕನಿಗೆ ಹೇಳಿರಬೇಕು. ಅಕ್ಕ ಇದನ್ನು ಬರೆಸಿರಬೇಕು. "ಬ್ಯಾಡ ಅಂದಿದ್ರೆ ಆಯ್ತಿತ್ತು" ಎಂದ ಹೆಂಗಸಿನ ಕೆಲಸ ಇದು. ಎಂಟು ತಿಂಗಳು ನಾನು ಕಾದ ಉತ್ತರವೂ ಅವರ ಕೈಯಿಂದಲೇ ಬಂತಲ್ಲ ಎಂದು ಆ ದಿನ ಊಟ ಸೇರಲಿಲ್ಲ. ಆದರೆ ಒಂಬತ್ತನೆಯ ಸಾಲಿನಲ್ಲಿ "ಕೊನೆಗೆ ಬರೆದವಳು ನಾನು" ಎಂಬುದನ್ನು ಹೊಡೆದುಹಾಕಬಹುದಾಯಿತು. ಹೊಡೆದುಹಾಕಿದೆ.

ನವೆಂಬರಿನಲ್ಲಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಆಯಿತು. ಮಾಯಸಂದ್ರದಲ್ಲಿ ತಾವೇ ಕೊಬ್ಬರಿ ಆರಿಸುವ ಕೆಲಸ ಶುರುಮಾಡುತ್ತೇನೆಂದು ಅಕ್ಕ ಗೋದಾಮು ಬಿಟ್ಟರು. ಕೊನೆಯ ದಿನವೂ ಸಂಜೆಯವರೆಗೆ ಆರಿಸಿದರು. ಓಲೆ ಹಾಕಿಕೊಂಡರು. "ಬತ್ತೀನಿ ಕಣೇ" ಎಂದರು.

ಹದಿಮೂರನೆಯ ದಿನ ನಾನು ತಡೆಯಲಾರದೆ ಬರೆದೆ. "ಅಕ್ಕ, ಜುಲೈ ಹದಿನೇಳರಂದು ಅದು ಗೋಸ್ಟಿಂಗ್ ಅಲ್ಲ ಎಂದು ನನಗೆ ಗೊತ್ತಿತ್ತು. ಹೆಸರು ಜೂನಿನಲ್ಲೇ ಹಳದಿ ಗೆರೆಯ ಕೆಳಗೆ ಕಂಡಿತ್ತು. ಗೊತ್ತಿದ್ದೇ ಬಿಟ್ಟುಬಿಡಿ ಎಂದೆ." ಕಳಿಸಿದ ಎರಡು ನಿಮಿಷಕ್ಕೆ ನೀಲಿ ಬಿತ್ತು. "ಟೈಪ್ ಮಾಡುತ್ತಿದ್ದಾರೆ" ಎಂದು ಬಂದು ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಆಮೇಲೆ ಏನೂ ಇಲ್ಲ. ಬೈದವನಿಗೂ "ಆಯ್ತು" ಎಂದು ಬರೆದವರು ನನಗೆ ಏನೂ ಬರೆಯಲಿಲ್ಲ. ಆರು ದಿನ.

ಇವತ್ತು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವಾಗ ಅವರಿಂದ ಒಂದು ಚಿತ್ರ ಬಂತು. ಸ್ಕ್ರೀನ್‌ಶಾಟ್, ಅರವತ್ತನಾಲ್ಕನೆಯದು. ನಾನು ಬರೆದ ಅದೇ ಮಾತು. ಮೇಲ್ಗಡೆ ನನ್ನ ಫೋಟೋ ಕತ್ತರಿಸಿದ್ದರು. ನನ್ನ ಹೆಸರಿನ ಮೇಲೆ ಈ ಸಲ ಕಪ್ಪು ಪೆನ್ನಿನಲ್ಲಿ, ಒಂದಲ್ಲ ಮೂರು ಸಲ, ಏನೂ ಕಾಣದಂತೆ ಗೆರೆ ಎಳೆದಿದ್ದರು. ಕೆಳಗೆ ಎಂದಿನ ಪ್ರಶ್ನೆ.

"ಇದ್ರರ್ಥ ಏನು, ಬಿಡ್ಸಿ ಹೇಳು."

ಮೇಲಿನ ನಾಲ್ಕು ಮಾತು ನೋಡಬೇಕಾಗಿರಲಿಲ್ಲ. ಗಂಟೆಯನ್ನೂ ತಾರೀಖನ್ನೂ ನೋಡಲಿಲ್ಲ.

"ಹೊಟ್ಟೆಕಿಚ್ಚು ಅಕ್ಕ," ಎಂದು ಬರೆದು ಕಳಿಸಿದೆ.